ಈ ಹಂಪ್ ಹಾಕಿದವರು ಯಾರು?

(ಊರಿನ ನಡುವೆ ಹಾದುಹೋಗುವ ರಸ್ತೆ. ಪಕ್ಕದಲ್ಲಿ ಪ್ರೌಢಶಾಲೆ, ಅದರ ಗೇಟಿನ ಎದುರಿಗೇ ಒಂದು ಹಂಪ್. ಮಾತಾಡುತ್ತಿರುವವರು ಇಬ್ಬರು: ಆ ಶಾಲೆಯ ಗಣಿತದ ಮೇಷ್ಟ್ರು, ಮತ್ತು ರಸ್ತೆ ಕೆಲಸದಲ್ಲೇ ನೌಕರಿ ಮುಗಿಸಿ ಊರಿಗೆ ಬಂದು ನೆಲೆಸಿರುವ ಎಂಜಿನಿಯರು.)

ಮೇಷ್ಟ್ರು: ಸಾರ್, ಮೊನ್ನೆ ಸಂಜೆ ಇಲ್ಲಿ ಒಂದು ಸ್ಕೂಟರ್ ಬಿತ್ತು. ಗಂಡ ಓಡಿಸ್ತಿದ್ದ, ಹೆಂಡತಿ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದರು. ಅವನಿಗೆ ಒಂದು ಗೀರೂ ಆಗಲಿಲ್ಲ, ಆಯಮ್ಮನ ಮಣಿಕಟ್ಟು ಮುರೀತು. ಸೇರಿದ ಜನರೆಲ್ಲ ಅವನಿಗೇ ಬೈದರು, ‘ಇಷ್ಟು ದಪ್ಪ ಹಂಪ್ ಕಣ್ಣಿಗೆ ಕಾಣಲ್ವೇನಯ್ಯಾ’ ಅಂತ.

ಎಂಜಿನಿಯರು: ಹೊತ್ತು ಮುಳುಗಿತ್ತೇ?

ಮೇಷ್ಟ್ರು: ಮುಳುಗಿತ್ತು. ಬೀದಿದೀಪ ಇನ್ನೂ ಹತ್ತಿರಲಿಲ್ಲ.

ಎಂಜಿನಿಯರು: ಹಾಗಾದರೆ ಕಂಡಿರಲಿಕ್ಕಿಲ್ಲ ಬಿಡಿ. ಡಾಂಬರಿನ ಮೇಲೆ ಡಾಂಬರಿನದೇ ಗುಡ್ಡೆ. ಬಣ್ಣ ಇಲ್ಲ, ಮುಂಚೆ ಒಂದು ಬೋರ್ಡೂ ಇಲ್ಲ. ಅದಿರಲಿ, ನಿಮ್ಮ ಶಾಲೆಯಲ್ಲಿ ಟೇಪು, ಒಂದು ಉದ್ದನೆಯ ದಾರ ಇದೆಯೇ? ಈ ಹಂಪನ್ನು ಅಳೆದು ನೋಡೋಣ. ಅಳತೆ ಇಲ್ಲದೆ ಆಡಿದ ಮಾತು ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ.

ಮೇಷ್ಟ್ರು: ತಂದೆ. ಎಲ್ಲಿಂದ ಹಿಡೀಬೇಕು?

ಎಂಜಿನಿಯರು: ರಸ್ತೆಗೆ ಅಡ್ಡಲಾಗಿ ಅಲ್ಲ, ಗಾಡಿ ಹೋಗುವ ದಿಕ್ಕಿನಲ್ಲಿ. ಹಂಪ್ ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವುದೇ ಮೊದಲ ಅಳತೆ. ಆಮೇಲೆ ದಾರವನ್ನು ನೆತ್ತಿಗೆ ತಾಗುವ ಹಾಗೆ ಎಳೆದು ಹಿಡಿಯಿರಿ. ಎರಡೂ ತುದಿ ರಸ್ತೆಯಿಂದ ಒಂದೇ ಎತ್ತರದಲ್ಲಿರಬೇಕು. ಆ ಎತ್ತರವೇ ಹಂಪಿನ ಎತ್ತರ.

ಮೇಷ್ಟ್ರು: ಉದ್ದ 60 ಸೆಂಟಿಮೀಟರ್. ಎತ್ತರ… 15 ಸೆಂಟಿಮೀಟರ್. ಎತ್ತರ ಜಾಸ್ತಿ ಆಯಿತು, ಅಲ್ವೇ?

ಎಂಜಿನಿಯರು: ಎತ್ತರವೂ ಜಾಸ್ತಿ. ಆದರೆ ದೊಡ್ಡ ತಪ್ಪು ಅದಲ್ಲ. ಎಲ್ಲರ ಕಣ್ಣೂ ಎತ್ತರದ ಮೇಲೇ ಬೀಳುತ್ತೆ, ಉದ್ದವನ್ನು ಯಾರೂ ನೋಡುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ಐಆರ್‌ಸಿ ಅನ್ನುತ್ತಾರೆ. ನಮ್ಮ ದೇಶದ ರಸ್ತೆಗಳ ಅಳತೆ, ಗುರುತು, ಫಲಕ ಎಲ್ಲದಕ್ಕೂ ಮಾನದಂಡ ಬರೆಯುವುದು ಅದೇ. ಹಂಪಿಗಾಗಿ ಅದು 1988ರಲ್ಲಿ 99ನೇ ಸಂಖ್ಯೆಯ ಕೈಪಿಡಿ ತಂದಿತು, 2018ರಲ್ಲಿ ಪರಿಷ್ಕರಿಸಿತು. 1988ರ ಕೈಪಿಡಿಯ ಮಾಮೂಲಿ ಹಂಪ್ ಹೇಗಿದೆ ಅಂದರೆ, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬೇಕು ಅನ್ನುವುದು ಲೆಕ್ಕ.

ಮೇಷ್ಟ್ರು: 3.7 ಮೀಟರ್? ಹನ್ನೆರಡು ಅಡಿ! ಅಷ್ಟು ಉದ್ದದ ಹಂಪನ್ನ ನಾನು ನೋಡೇ ಇಲ್ಲ.

ಎಂಜಿನಿಯರು: ನೋಡಿರಬಹುದು, ಹಂಪ್ ಅಂತ ಅನ್ನಿಸಿರಲಿಕ್ಕಿಲ್ಲ. ಸರಿಯಾಗಿ ಹಾಕಿದ್ದು ಮೈಗೆ ಗೊತ್ತಾಗುತ್ತೆ, ಸೊಂಟಕ್ಕೆ ಗೊತ್ತಾಗುವುದಿಲ್ಲ. ಅದರ ಬಾಗು 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಆಟದ ಮೈದಾನದಲ್ಲಿ ಗೂಟ ನೆಟ್ಟು 17 ಮೀಟರ್ ಹಗ್ಗದಲ್ಲಿ ಗೆರೆ ಎಳೆಯಿರಿ. ಆ ಗೆರೆಯಲ್ಲಿ 3.7 ಮೀಟರ್ ದೂರದ ಎರಡು ಬಿಂದು ಹಿಡಿದು ನೇರ ದಾರ ಕಟ್ಟಿದರೆ, ನಡುವೆ ದಾರಕ್ಕೂ ಗೆರೆಗೂ ಎಷ್ಟು ಅಂತರ ಬರುತ್ತೆ ಹೇಳಿ. ಗಣಿತ ನಿಮ್ಮದಲ್ವೇ?

ಮೇಷ್ಟ್ರು: ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಬೇಕು. 13.69 ಭಾಗಿಸು 136. ಹತ್ತಿರ ಹತ್ತಿರ 0.10 ಮೀಟರ್. ಹೌದಲ್ಲ, ಸರಿಯಾಗಿ 10 ಸೆಂಟಿಮೀಟರ್!

ಎಂಜಿನಿಯರು: ಮೂರು ಅಂಕಿಗಳಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಬರುತ್ತೆ. ಈಗ ನಿಮ್ಮ ಗೇಟಿನ ಹಂಪಿಗೆ ಅದೇ ಲೆಕ್ಕ ಹಾಕಿ.

ಮೇಷ್ಟ್ರು: ಇದು ತುಂಬಾ ಬಾಗಿರೋದರಿಂದ ಎತ್ತರದ ಅರ್ಧವನ್ನೂ ಕೂಡಿಸಬೇಕಾಗುತ್ತೆ. 0.36 ಭಾಗಿಸು 1.2 ಅಂದರೆ 0.30. ಅದಕ್ಕೆ ಏಳೂವರೆ ಸೆಂಟಿಮೀಟರ್ ಸೇರಿಸಿದರೆ ತ್ರಿಜ್ಯ 37 ಸೆಂಟಿಮೀಟರ್ ಚಿಲ್ಲರೆ. 17 ಮೀಟರ್ ಎಲ್ಲಿ, 37 ಸೆಂಟಿಮೀಟರ್ ಎಲ್ಲಿ!

ಎಂಜಿನಿಯರು: ಬೈಕಿನ ಚಕ್ರಕ್ಕಿಂತ ತುಸು ದೊಡ್ಡ ವೃತ್ತ, ಅಷ್ಟೇ. ಮನೆಯ ಹೊಸ್ತಿಲನ್ನು ತಂದು ರಸ್ತೆಗೆ ಅಡ್ಡ ಇಟ್ಟ ಹಾಗಾಯಿತು. ಏರು ನೋಡಿ. ಸರಿಯಾದ ಹಂಪಿನಲ್ಲಿ 1.85 ಮೀಟರ್ ಹೋಗುವಷ್ಟರಲ್ಲಿ 10 ಸೆಂಟಿಮೀಟರ್ ಏರುತ್ತೀರಿ, ಸರಾಸರಿ ಹದಿನೆಂಟಕ್ಕೆ ಒಂದು. ಇಲ್ಲಿ 30 ಸೆಂಟಿಮೀಟರಿಗೆ 15 ಏರಬೇಕು, ಎರಡಕ್ಕೆ ಒಂದು. ಅದು ಏರಲ್ಲ, ಗೋಡೆ.

ಮೇಷ್ಟ್ರು: ಗೋಡೆಯಾದರೆ ಗಾಡಿ ನಿಧಾನ ಆಗಲೇಬೇಕಲ್ಲ ಸಾರ್? ನಮಗೆ ಬೇಕಾಗಿದ್ದೂ ಅದೇ. ಶಾಲೆ ಬಿಟ್ಟಾಗ ಮುನ್ನೂರು ಮಕ್ಕಳು ಒಟ್ಟಿಗೇ ರಸ್ತೆಗೆ ಬರ್ತಾರೆ.

ಎಂಜಿನಿಯರು: ಆಗುತ್ತದೆಯೇ? ನಮ್ಮೂರ ಹುಡುಗರು ಬೈಕಿನಲ್ಲಿ ಈ ಹಂಪನ್ನು ಹೇಗೆ ದಾಟುತ್ತಾರೆ, ನೋಡಿದ್ದೀರಲ್ಲ.

ಮೇಷ್ಟ್ರು: ಹ್ಞಾಂ, ಸೀಟಿನಿಂದ ಎದ್ದು ನಿಂತು ಹಾರಿಸ್ಕೊಂಡು ಹೋಗ್ತಾರೆ. ನಿಧಾನ ಮಾಡೋರು ವಯಸ್ಸಾದವರು, ಮಗು ಕೂರಿಸ್ಕೊಂಡವರು.

ಎಂಜಿನಿಯರು: ಅದಕ್ಕೆ ಕಾರಣ ಇದೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಟ್ಸ್ ಅನ್ನುವವರು 1970ರ ದಶಕದ ಶುರುವಿನಲ್ಲಿ ಬೇರೆ ಬೇರೆ ಆಕಾರದ ಹಂಪ್ ಹಾಕಿಸಿ, ಅವುಗಳ ಮೇಲೆ ಗಾಡಿ ಓಡಿಸಿ ಪರೀಕ್ಷೆ ಮಾಡಿದರು. ನಮ್ಮ 3.7 ಮೀಟರ್, 10 ಸೆಂಟಿಮೀಟರ್ ಅಳತೆಯ ಮೂಲ ಅದೇ. ಗಿಡ್ಡ ಹಂಪಿನ ತೊಂದರೆ ಏನು ಗೊತ್ತೇ? ಜೋರಾಗಿ ಬಂದರೆ ಚಕ್ರ ಮೇಲೆದ್ದು ಇಳಿಯುವ ಆಟ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಆ ಪೆಟ್ಟನ್ನು ನುಂಗಿಬಿಡುತ್ತವೆ. ಗಾಡಿಯ ಮೈ ಏಳುವಷ್ಟರಲ್ಲಿ ಹಂಪ್ ಹಿಂದೆ ಉಳಿದಿರುತ್ತೆ. ಅಂದರೆ ವೇಗ ಹೆಚ್ಚಾದಷ್ಟೂ ಕೂತವನಿಗೆ ಕುಲುಕಾಟ ಕಡಿಮೆ. ನಿಧಾನ ಹೋದವನಿಗೇ ಪೂರ್ತಿ ಪೆಟ್ಟು.

ಮೇಷ್ಟ್ರು: ಮತ್ತೆ ಉದ್ದನೆಯದರಲ್ಲಿ?

ಎಂಜಿನಿಯರು: ಅದರಲ್ಲಿ ತಿರುವುಮುರುವು. 25ರ ವೇಗದಲ್ಲಿ 3.7 ಮೀಟರ್ ದಾಟಲು ಅರ್ಧ ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಚಕ್ರದ ಜೊತೆ ಗಾಡಿಯ ಮೈಯೂ ಏರಿ ಇಳಿಯುತ್ತೆ. ಮೆಲ್ಲಗೆ ಬಂದವನಿಗೆ ಏನೂ ಅನ್ನಿಸುವುದಿಲ್ಲ. 40, 50ರಲ್ಲಿ ಬಂದವನಿಗೆ ಮೈ ಮೇಲೆ ಹೋಗಿ ಕೆಳಗೆ ಬೀಳುವಾಗ ಹೊಟ್ಟೆ ಬಾಯಿಗೆ ಬಂದ ಹಾಗಾಗುತ್ತೆ, ಮುಂದಿನ ಸಲ ತಾನಾಗಿ ಬ್ರೇಕ್ ಹಾಕುತ್ತಾನೆ. ತಪ್ಪು ಮಾಡಿದವನಿಗೆ ಶಿಕ್ಷೆ ಅದು ಕೊಡುತ್ತೆ. ನಿಮ್ಮ ಗೇಟಿನದು ಸರಿಯಾಗಿ ಬಂದವನಿಗೆ ಶಿಕ್ಷೆ ಕೊಡುತ್ತೆ.

ಮೇಷ್ಟ್ರು: ಆಯಮ್ಮ ಬಿದ್ದಿದ್ದೂ ಹಾಗೇ ಇರಬೇಕು.

ಎಂಜಿನಿಯರು: ಸ್ಕೂಟರಿನ ಎರಡು ಚಕ್ರಗಳ ನಡುವೆ ಸುಮಾರು 1.25 ಮೀಟರ್ ಅಂತರ ಇರುತ್ತೆ. ಹಂಪ್ 60 ಸೆಂಟಿಮೀಟರ್. ಮುಂದಿನ ಚಕ್ರ ಏರಿ ಇಳಿದು ಗಂಡ ‘ಸದ್ಯ, ದಾಟಿತು’ ಅಂತ ಆಕ್ಸಿಲರೇಟರ್ ತಿರುಗಿಸುವ ಹೊತ್ತಿಗೆ ಹಿಂದಿನ ಚಕ್ರ ಗೋಡೆಗೆ ಬಡಿಯುತ್ತೆ. ಹಿಂದೆ ಕೂತವರು ಇರುವುದು ಆ ಚಕ್ರದ ನೇರಕ್ಕೆ. ಒಂದೇ ಕಡೆ ಕೂತವರಿಗೆ ಕಾಲಿನ ಆಸರೆ ಇಲ್ಲ, ಕೈಯಲ್ಲಿ ಚೀಲವೋ ಮಗುವೋ ಇರುತ್ತೆ. ಎಸೆದುಬಿಡುತ್ತೆ. ಸವಾರನಿಗೆ ಗೊತ್ತಾಗುವುದು ಸದ್ದು ಕೇಳಿದ ಮೇಲೆ. 3.7 ಮೀಟರಿನದಾದರೆ ಎರಡೂ ಚಕ್ರ ಒಟ್ಟಿಗೆ ಅದರ ಮೇಲೆ ಇರುತ್ತವೆ, ಗಾಡಿ ದೋಣಿಯಷ್ಟೇ ಮೆಲ್ಲಗೆ ಮೂತಿ ಎತ್ತಿ ಇಳಿಸುತ್ತೆ.

ಮೇಷ್ಟ್ರು: ಹಾಗಾದರೆ ಇದನ್ನ ಹೀಗೆ ಯಾಕೆ ಹಾಕಿದರು? ಅಳತೆ ಗೊತ್ತಿರಲಿಲ್ಲವೇ?

ಎಂಜಿನಿಯರು: ಅಳತೆಯ ಮಾತೇ ಬಂದಿರುವುದಿಲ್ಲ. ನಮ್ಮ ಕಡೆ ಹಂಪ್ ಹುಟ್ಟುವ ರೀತಿ ಹೇಳುತ್ತೇನೆ ಕೇಳಿ. ರಸ್ತೆಗೆ ಹೊಸದಾಗಿ ಡಾಂಬರು ಹಾಕುತ್ತಿರುತ್ತಾರೆ. ಊರವರು ನಾಲ್ಕು ಜನ ಬಂದು ‘ಇಲ್ಲೊಂದು ಹಂಪ್ ಹಾಕ್ಕೊಡದೆ ಗಾಡಿ ಮುಂದೆ ಹೋಗಲ್ಲ’ ಅನ್ನುತ್ತಾರೆ. ಮೇಸ್ತ್ರಿಗೆ ಕೆಲಸ ಮುಗಿಸಿ ಹೊರಡಬೇಕು. ಟಿಪ್ಪರಿನಲ್ಲಿ ಉಳಿದ ಮಿಕ್ಸನ್ನು ರಸ್ತೆಗೆ ಅಡ್ಡ ಸುರಿಸಿ, ಸಲಿಕೆಯಲ್ಲಿ ತಟ್ಟಿಸಿ, ರೋಲರನ್ನು ಎರಡು ಸಲ ಮೇಲೆ ಓಡಿಸಿ ಹೋಗುತ್ತಾನೆ. ಉಳಿದ ಮಾಲು ಎಷ್ಟಿತ್ತೋ ಅಷ್ಟು ಎತ್ತರ, ಸಲಿಕೆ ಎಷ್ಟು ಹರಡಿತೋ ಅಷ್ಟು ಉದ್ದ. ನಕ್ಷೆ ಇಲ್ಲ, ಅನುಮತಿ ಇಲ್ಲ, ಬಿಲ್ಲಿನಲ್ಲೂ ಇಲ್ಲ. ಊರಿಗೆ ಹಂಪ್ ಸಿಕ್ಕಿತು, ಮೇಸ್ತ್ರಿಗೆ ದಾರಿ ಸಿಕ್ಕಿತು.

ಮೇಷ್ಟ್ರು: ಸರಿಯಾಗಿ ಹಾಕುವುದಾದರೆ ಹೇಗೆ?

ಎಂಜಿನಿಯರು: ಮೊದಲು ಹಲಗೆಯಲ್ಲೋ ತಗಡಿನಲ್ಲೋ ಬಾಗಿನ ಅಚ್ಚು ಕತ್ತರಿಸಬೇಕು. ಟೆಂಪ್ಲೇಟ್ ಅನ್ನುತ್ತೇವೆ. ಆಮೇಲೆ ಹಂಪ್ ಬರುವ ಜಾಗದ ಹಳೇ ಮೇಲ್ಮೈಯನ್ನು ಕೆರೆದು ಒರಟು ಮಾಡಿ, ಧೂಳು ಹೊಡೆದು, ತೆಳ್ಳಗೆ ಡಾಂಬರಿನ ಅಂಟು ಬಳಿಯಬೇಕು. ಅದು ಟ್ಯಾಕ್ ಕೋಟ್. ಇದನ್ನು ಬಿಟ್ಟರೆ ಲಾರಿಗಳು ಬ್ರೇಕ್ ಹಾಕಿ ಹಾಕಿ ಹಂಪನ್ನೇ ಮುಂದಕ್ಕೆ ತಳ್ಳುತ್ತವೆ, ಅಂಚು ಎದ್ದು ಚೂಪಾಗುತ್ತೆ. ಮಿಕ್ಸ್ ಹಾಕಿ ಒತ್ತಿದ ಮೇಲೆ ಅಚ್ಚನ್ನು ಮೇಲಿಟ್ಟು ನೋಡಬೇಕು. ಅಚ್ಚು ಇಲ್ಲದಿದ್ದರೂ ನಿಮ್ಮ ದಾರ ಸಾಕು. ನೆತ್ತಿಯ ಮೇಲೆ ಮಟ್ಟವಾಗಿ ಹಿಡಿದ ದಾರದಿಂದ ಕೆಳಕ್ಕೆ ಅಳೆಯುತ್ತಾ ಹೋಗಿ. ನಡುವಿನಿಂದ ಅರ್ಧ ಮೀಟರಿನಲ್ಲಿ 0.7 ಸೆಂಟಿಮೀಟರ್, ಒಂದು ಮೀಟರಿನಲ್ಲಿ 2.9, ಒಂದೂವರೆಯಲ್ಲಿ 6.6 ಬರಬೇಕು. ತುದಿಯಲ್ಲಿ 10.

ಮೇಷ್ಟ್ರು: ಈ ನಾಲ್ಕು ಅಂಕಿಯನ್ನ ಮಕ್ಕಳ ಕೈಲೇ ಲೆಕ್ಕ ಹಾಕಿಸಬಹುದು. ನಮ್ಮ ರಸ್ತೆಯಲ್ಲಿ ಬಸ್ಸು ಲಾರಿ ಜಾಸ್ತಿ. ಅವಕ್ಕೂ ಇದೇ ಆಗುತ್ತದೆಯೇ?

ಎಂಜಿನಿಯರು: ಬಸ್ಸಿನ ಹಿಂದಿನ ಸೀಟಿನವರು ಹಿಂದಿನ ಚಕ್ರಕ್ಕಿಂತಲೂ ಆಚೆ ಕೂತಿರುತ್ತಾರೆ, ಅವರಿಗೆ ಕುಲುಕು ಹೆಚ್ಚು. ಅದಕ್ಕೇ ದೊಡ್ಡ ಗಾಡಿಗಳು ಹೆಚ್ಚಿರುವ ಕಡೆ ಎರಡೂ ಬದಿಗೆ ಒಂದೂವರೆ ಮೀಟರಿನ, ಇಪ್ಪತ್ತಕ್ಕೆ ಒಂದರ ಇಳಿಜಾರು ಕೊಟ್ಟು ಹಂಪನ್ನು 5 ಮೀಟರಿಗೆ ಬೆಳೆಸಬಹುದು ಅಂತ ಅದೇ ಕೈಪಿಡಿ ಹೇಳುತ್ತೆ. ಇನ್ನೊಂದು ವಿಷಯ, ನೀರು. ಹಂಪ್ ರಸ್ತೆಯ ಪೂರ್ತಿ ಅಗಲಕ್ಕೆ ಇರಬೇಕು, ಪಕ್ಕದಲ್ಲಿ ನೀರು ಹೋಗಲು ದಾರಿ ಬೇರೆ ಇರಬೇಕು. ನೀರಿಗೆ ಅಂತ ಅಂಚಿನಲ್ಲಿ ಒಂದಡಿ ಸಂದು ಬಿಟ್ಟರೆ ಬೈಕುಗಳೆಲ್ಲ ಆ ಸಂದಿಗೇ ನುಗ್ಗುತ್ತವೆ. ಆ ಅಂಚಿನಲ್ಲಿ ನಡೆಯುತ್ತಿರುವವರು ನಿಮ್ಮ ಮಕ್ಕಳು.

ಮೇಷ್ಟ್ರು: ಬಣ್ಣದ ವಿಷಯಕ್ಕೆ ಬನ್ನಿ ಸಾರ್. ಹೋದ ವರ್ಷ ಇದಕ್ಕೂ ಬಿಳಿ ಬಣ್ಣ ಬಳಿದಿದ್ದರು, ಮಳೆಗಾಲ ಮುಗಿಯೋ ಹೊತ್ತಿಗೆ ಗುರುತೇ ಇರಲಿಲ್ಲ.

ಎಂಜಿನಿಯರು: ಅದು ಗೇಟಿಗೆ ಬಳಿಯುವ ಪೇಂಟು. ರಸ್ತೆಗೆ ಹಾಕುವುದು ಥರ್ಮೋಪ್ಲಾಸ್ಟಿಕ್, ಕಾಯಿಸಿ ಕರಗಿಸಿ ದಪ್ಪಗೆ ಎಳೆಯುತ್ತಾರೆ. ಬಿಸಿ ಇರುವಾಗಲೇ ಅದರ ಮೇಲೆ ಸಕ್ಕರೆಯಂಥ ಗಾಜಿನ ಮಣಿ ಉದುರಿಸುತ್ತಾರೆ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಬೆಳಕನ್ನು ಡ್ರೈವರನ ಕಣ್ಣಿಗೇ ವಾಪಸ್ ಕಳಿಸುವುದು ಆ ಮಣಿಗಳು, ಬಣ್ಣ ಅಲ್ಲ. ಬೆರಳಿನಿಂದ ಸವರಿ ನೋಡಿ. ತರಿತರಿಯಾಗಿದ್ದರೆ ಮಣಿ ಇದೆ. ನುಣ್ಣಗಿದ್ದರೆ ಹಗಲಲ್ಲಿ ಬೆಳ್ಳಗೆ ಕಾಣುತ್ತೆ, ರಾತ್ರಿ ಇಲ್ಲವೇ ಇಲ್ಲ. ಹಂಪಿನ ಮೇಲೆ ಕಪ್ಪು ಬಿಳಿ ಪಟ್ಟೆ ಒಂದಾದ ಮೇಲೊಂದು ಬರಬೇಕು. ಎರಡೂ ದಿಕ್ಕಿನಲ್ಲಿ 40 ಮೀಟರ್ ಮುಂಚೆ ಕೆಂಪು ಅಂಚಿನ ತ್ರಿಕೋನದ ಫಲಕ ಇರಬೇಕು.

ಮೇಷ್ಟ್ರು: 40 ಮೀಟರ್ ಯಾಕೆ?

ಎಂಜಿನಿಯರು: ಗಂಟೆಗೆ 50ರ ವೇಗ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 14 ಮೀಟರ್. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿನ ಮೇಲೆ ಬೀಳಲು ಎರಡೂವರೆ ಸೆಕೆಂಡ್ ಅಂತ ನಮ್ಮ ವಿನ್ಯಾಸದ ಲೆಕ್ಕ. ಆಗಲೇ 35 ಮೀಟರ್ ಹೋಗಿಬಿಟ್ಟಿರುತ್ತಾನೆ, ಬ್ರೇಕ್ ಇನ್ನೂ ಹಿಡಿದಿಲ್ಲ. ಫಲಕ ಅದಕ್ಕೂ ಮುಂಚೆ ದೂರದಿಂದಲೇ ಕಂಡರೆ ಮಾತ್ರ ಉಪಯೋಗ. ಮರದ ಕೊಂಬೆಯ ಹಿಂದೆ ಇದ್ದರೆ, ಅದರ ಮೇಲೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರೆ, ಇದ್ದೂ ಇಲ್ಲದ ಲೆಕ್ಕ. ಮೊನ್ನೆ ಬಿದ್ದವನಿಗೆ ಫಲಕವೂ ಇಲ್ಲ, ಪಟ್ಟೆಯೂ ಇಲ್ಲ. ಸ್ಕೂಟರಿನ ದೀಪದಲ್ಲಿ ಗುಡ್ಡೆ ಕಂಡಾಗ ಅವನಿಗೆ ಬ್ರೇಕ್ ಹಿಡಿಯಲೂ ಜಾಗ ಉಳಿದಿರಲಿಲ್ಲ.

ಮೇಷ್ಟ್ರು: ಇಷ್ಟೆಲ್ಲ ಯಾಕೆ, ಹೈವೇಲಿ ಹಾಕ್ತಾರಲ್ಲ, ಕಟಕಟಕಟ ಅಂತ ಸಾಲು ಪಟ್ಟಿ, ಅದನ್ನೇ ಹಾಕಿಸಿದರೆ?

ಎಂಜಿನಿಯರು: ರಂಬಲ್ ಸ್ಟ್ರಿಪ್. ಅದರ ಕೆಲಸವೇ ಬೇರೆ. ಹಂಪ್ ಗಾಡಿಯನ್ನು ನಿಧಾನ ಮಾಡಿಸುತ್ತೆ, ರಂಬಲ್ ಸ್ಟ್ರಿಪ್ ಡ್ರೈವರನನ್ನು ಎಬ್ಬಿಸುತ್ತೆ. ಮುಂದೆ ತಿರುವೋ, ರೈಲ್ವೆ ಗೇಟೋ, ಜಂಕ್ಷನ್ನೋ ಇದೆ ಅಂತ ಸದ್ದು ಮತ್ತು ನಡುಕದಿಂದ ಎಚ್ಚರಿಸುವುದು, ಅಷ್ಟೇ. ಒಂದು ಇಂಚಿಗಿಂತ ಕಡಿಮೆ ದಪ್ಪದ ಪಟ್ಟಿಗಳ ಗುಂಪು ಅದು. ಅಪಾಯದ ಜಾಗಕ್ಕಿಂತ ಸಾಕಷ್ಟು ಮುಂಚೆಯೇ ಇರಬೇಕು, ಅಪಾಯದ ಮೇಲೇ ಅಲ್ಲ. ನಮ್ಮಲ್ಲಿ ಅದನ್ನೂ ಎರಡು ಇಂಚು ದಪ್ಪ ಕಾಂಕ್ರೀಟಿನಲ್ಲಿ ಎರೆದು ಐದಾರು ಪುಟ್ಟ ಹಂಪುಗಳ ಸಾಲು ಮಾಡಿಬಿಡುತ್ತಾರೆ. ಬೈಕ್ ಸವಾರ ಬ್ರೇಕ್ ಹಿಡಿಯಬೇಕಾದ ಜಾಗದಲ್ಲೇ ಚಕ್ರ ನೆಲ ಬಿಟ್ಟು ಕುಣಿಯುತ್ತೆ. ಅದೂ ಅಲ್ಲದೆ ಶಾಲೆ ಗೇಟಿನ ಎದುರಿಗೆ ಹಾಕಿದರೆ ದಿನವೆಲ್ಲ ಆ ಸದ್ದಿನಲ್ಲಿ ಪಾಠ ಮಾಡಬೇಕಾದೀತು.

ಮೇಷ್ಟ್ರು: ಹೈವೇಲಿ ಹಂಪೇ ಇರಬಾರದು ಅಂತಾರಲ್ಲ, ನಿಜವೇ?

ಎಂಜಿನಿಯರು: ರಾಷ್ಟ್ರೀಯ ಹೆದ್ದಾರಿಯಲ್ಲಿ ಇರಬಾರದು. ಇರುವುದನ್ನು ತೆಗೆಯಿರಿ ಅಂತ 2016ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಸುತ್ತೋಲೆಯನ್ನೇ ಕಳಿಸಿತು. 99ನೇ ಕೈಪಿಡಿ ಬರೆದದ್ದೂ ಸಣ್ಣ ರಸ್ತೆಗಳಿಗೆ. ಹೆದ್ದಾರಿಗೆ ಊರ ರಸ್ತೆ ಬಂದು ಸೇರುವ ಕಡೆ ಹಂಪ್ ಹಾಕಬೇಕಾದದ್ದು ಊರ ರಸ್ತೆಗೆ, ಹೆದ್ದಾರಿಗೆ ಅಲ್ಲ. ಶಾಲೆ, ಆಸ್ಪತ್ರೆ, ಬಡಾವಣೆ, ಮತ್ತೆ ಮತ್ತೆ ಅಪಘಾತ ಆಗುವ ಸಣ್ಣ ರಸ್ತೆ, ಇವಕ್ಕೆ ಅವಕಾಶ ಇದೆ. ಆದ್ದರಿಂದ ನಿಮ್ಮ ಗೇಟಿಗೆ ಹಂಪ್ ಕೇಳಿದ್ದು ತಪ್ಪಲ್ಲ.

ಮೇಷ್ಟ್ರು: ಹಂಗಾದರೆ ಈಗ ಮುಖ್ಯ ಪ್ರಶ್ನೆ. ಆಯಮ್ಮನ ಕೈ ಮುರಿದಿದ್ದಕ್ಕೆ ಯಾರು ಉತ್ತರ ಕೊಡಬೇಕು? ಊರವರು ಹೇಳಿದರು, ಮೇಸ್ತ್ರಿ ಹಾಕಿದ. ಮೇಸ್ತ್ರಿ ಯಾವೂರಿನವನೋ.

ಎಂಜಿನಿಯರು: ಮೊದಲು ರಸ್ತೆ ಯಾರದು ಅಂತ ತಿಳಿಯಬೇಕು. ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತೆ, ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು, ಪಟ್ಟಣದಲ್ಲಿ ಪುರಸಭೆ, ನಗರಸಭೆ, ಪಾಲಿಕೆ.

ಮೇಷ್ಟ್ರು: ನಮ್ಮ ಕಲ್ಲಿನ ಬಣ್ಣ ಅಳಿಸಿಹೋಗಿ ಎಷ್ಟೋ ಕಾಲ ಆಯಿತು.

ಎಂಜಿನಿಯರು: ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ. ರಸ್ತೆಯ ಒಡೆಯ ಯಾರೋ ಅವನೇ ಮೊದಲ ಹೊಣೆಗಾರ. ‘ನಾವು ಹಾಕಿಸಿದ್ದಲ್ಲ’ ಅನ್ನುವುದು ಉತ್ತರ ಅಲ್ಲ. ತನ್ನ ರಸ್ತೆಯಲ್ಲಿ ಯಾರೋ ಗುಡ್ಡೆ ಹಾಕಿದರೆ ತೆಗೆಸುವುದೂ ಅವನ ಕೆಲಸವೇ. ಗುತ್ತಿಗೆದಾರ ಹಾಕಿದ್ದರೆ, ಕೆಲಸದ ದೋಷಕ್ಕೆ ಅವನು ಹೊಣೆ ಹೊರಬೇಕಾದ ಅವಧಿ ಕರಾರಿನಲ್ಲೇ ಇರುತ್ತೆ. ಊರವರೇ ಕಲ್ಲು ಮಣ್ಣು ಹಾಕಿಕೊಂಡಿದ್ದರೆ ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ ಅಪರಾಧ ಅವರ ಮೇಲೇ ಬರುತ್ತೆ. ‘ಮಕ್ಕಳಿಗೋಸ್ಕರ ಹಾಕಿದ್ವಿ’ ಅಂದರೆ ಬಿಡುವುದಿಲ್ಲ.

ಮೇಷ್ಟ್ರು: ಇದಕ್ಕೆ ಅಂತಲೇ ಕಾನೂನು ಇದೆಯೇ?

ಎಂಜಿನಿಯರು: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 198ಎ ಅನ್ನುವ ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ, ಯಾರೇ ಆಗಲಿ, ಕೇಂದ್ರ ಸರ್ಕಾರ ಗೊತ್ತುಪಡಿಸಿದ ಮಾನದಂಡ ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ.

ಮೇಷ್ಟ್ರು: ಒಂದು ಲಕ್ಷ! ಅದಾದರೂ ಆ ಮನೆಯವರಿಗೆ ಸಿಗುತ್ತದೆಯೇ?

ಎಂಜಿನಿಯರು: ಇಲ್ಲ. ಅಪಘಾತ ನಿಧಿಗೆ ಹೋಗುತ್ತೆ. ಮಣಿಕಟ್ಟು ಮುರಿದು ಮತ್ತೆ ಕೂಡಿಕೊಂಡರೆ ಈ ಕಲಂ ತಾಗುವುದೂ ಇಲ್ಲ. ಮನೆಯವರಿಗೆ ಪರಿಹಾರ ಬೇಕೆಂದರೆ ಬೇರೆ ದಾರಿ ಹಿಡಿಯಬೇಕು. ಎದುರಿಂದ ಇನ್ನೊಂದು ಗಾಡಿ ಗುದ್ದಿದ್ದರೆ ಅದರ ವಿಮೆ ಇರುತ್ತೆ. ಹಂಪಿನಿಂದ ತಾನೇ ಬಿದ್ದವನಿಗೆ ಎದುರಾಳಿಯೇ ಇಲ್ಲ. ಮಾಲೀಕ ತಾನೇ ಓಡಿಸುತ್ತಿದ್ದು ಸತ್ತರೆ, ಇಲ್ಲವೇ ಕಾಯಂ ಊನವಾದರೆ ಅವನ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದವರೆಗೆ ಇರಬಹುದು. ಹಿಂದೆ ಕೂತವರಿಗೆ ಸಿಗುತ್ತದೋ ಇಲ್ಲವೋ ಅನ್ನುವುದು ಪಾಲಿಸಿಯ ಮೇಲೆ ಹೋಗುತ್ತೆ. ರಸ್ತೆಯ ಒಡೆಯನಿಂದಲೇ ಪರಿಹಾರ ಬೇಕಾದರೆ ಸಿವಿಲ್ ಕೋರ್ಟು, ಹೈಕೋರ್ಟು. ಗುಂಡಿ ಮತ್ತು ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ ಎರಡೂವರೆ ಲಕ್ಷ ಕೊಡಬೇಕು ಅಂತ ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿತು. ಅದು ಗುಂಡಿಯ ಮಾತು, ಹಂಪಿನದಲ್ಲ, ಆದರೂ ದಾರಿ ಯಾವ ಕಡೆಗಿದೆ ಅನ್ನುವುದು ಅದರಿಂದ ಗೊತ್ತಾಗುತ್ತೆ.

ಮೇಷ್ಟ್ರು: ಪೊಲೀಸರು ಮೊನ್ನೆ ಬಂದು ‘ಸೆಲ್ಫ್ ಆಕ್ಸಿಡೆಂಟ್’ ಅಂತ ಹೇಳಿ ಹೋದರು.

ಎಂಜಿನಿಯರು: ಅಲ್ಲೇ ಎಲ್ಲ ಮುಗಿದುಹೋಗುವುದು. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿ ತಾನೇ ಬಿದ್ದ’ ಅಂತ ದೂರಿನಲ್ಲಿ ಬರೆದರೆ ಬಿದ್ದವನೇ ಆರೋಪಿ. ಅವನು ಸತ್ತಿದ್ದರೆ ಆರೋಪಿ ಮೃತ ಅಂತ ಕಡತ ಮುಚ್ಚುತ್ತಾರೆ. ಹಂಪಿನ ಹೆಸರೇ ಅದರಲ್ಲಿ ಇರುವುದಿಲ್ಲ. ಮಾರನೇ ದಿನ ಯಾರೋ ಬಂದು ಬಿಳಿ ಬಣ್ಣ ಬಳಿದೋ, ಹಂಪನ್ನು ಕೆರೆದೋ ಹೋಗಿರುತ್ತಾರೆ, ಸಾಕ್ಷಿಯೂ ಹೋಯಿತು. ಆದ್ದರಿಂದ ಅಪಘಾತ ಆದ ದಿನವೇ ಟೇಪ್ ಇಟ್ಟು ಫೋಟೋ ತೆಗೆಯಬೇಕು. ಉದ್ದ, ಎತ್ತರ, ಬಣ್ಣ ಇತ್ತೇ, ಫಲಕ ಇತ್ತೇ, ಬೆಳಕು ಇತ್ತೇ, ಇವಿಷ್ಟನ್ನೂ ದೂರಿನಲ್ಲೇ ಬರೆಸಬೇಕು, ಸ್ಥಳ ಮಹಜರಿನಲ್ಲೂ ಬರಬೇಕು.

ಮೇಷ್ಟ್ರು: ಹಂಪ್ ಹಾಕಿದ್ದು ಯಾರು ಅಂತ ಕಾಗದದಲ್ಲಿ ಕಂಡುಹಿಡಿಯೋದು ಹೇಗೆ?

ಎಂಜಿನಿಯರು: ಮಾಹಿತಿ ಹಕ್ಕಿನಲ್ಲಿ ಮೂರೇ ಕಾಗದ ಕೇಳಿ. ಒಂದು, ಇಲ್ಲಿ ಹಂಪ್ ಹಾಕಲು ಕೊಟ್ಟ ಅನುಮತಿ. ಎರಡು, ಅದರ ನಕ್ಷೆ. ಮೂರು, ಮೆಷರ್‌ಮೆಂಟ್ ಪುಸ್ತಕದಲ್ಲಿ ಅದನ್ನು ಅಳೆದು ಬರೆದ ಪುಟ, ಎಂ.ಬಿ. ಅನ್ನುತ್ತಾರಲ್ಲ, ಅದು. ಎಂ.ಬಿ.ಯಲ್ಲಿ ಇದ್ದರೆ ಅಳತೆ ಬರೆದ ಎಂಜಿನಿಯರ ಸಹಿ ಇರುತ್ತೆ, 60 ಸೆಂಟಿಮೀಟರ್ ಹಂಪನ್ನು 3.7 ಅಂತ ಬರೆದಿದ್ದರೆ ಸುಳ್ಳು ಲೆಕ್ಕದ ಪ್ರಶ್ನೆಯೂ ಏಳುತ್ತೆ. 30 ದಿನದಲ್ಲಿ ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದರೆ ಅದೂ ಒಳ್ಳೆಯದೇ. ಈ ಹಂಪಿಗೆ ಅನುಮತಿ ಇಲ್ಲ ಅಂತ ಇಲಾಖೆಯೇ ಬರೆದುಕೊಟ್ಟ ಹಾಗಾಯಿತು. ಅನುಮತಿ ಇಲ್ಲದ್ದನ್ನು ಉಳಿಸಿಕೊಳ್ಳಲು ಅವರಿಗೆ ಕಾರಣ ಉಳಿಯುವುದಿಲ್ಲ.

ಮೇಷ್ಟ್ರು: ತೆಗೆದುಬಿಟ್ಟರೆ ಮಕ್ಕಳ ಗತಿ?

ಎಂಜಿನಿಯರು: ತೆಗೆಯಿರಿ ಅಂತ ಮಾತ್ರ ಬರೆಯಬೇಡಿ. ಇದನ್ನು ಕೆರೆದು ತೆಗೆದು, ಮಾನದಂಡದ ಪ್ರಕಾರ ಹೊಸದು ಹಾಕಿ ಅಂತ ಬರೆಯಿರಿ. ಇದರ ಅಕ್ಕಪಕ್ಕ ಡಾಂಬರು ತುಂಬಿ ಉದ್ದ ಮಾಡುತ್ತೇವೆ ಅಂದರೆ ಒಪ್ಪಬೇಡಿ, 15 ಸೆಂಟಿಮೀಟರ್ ನೆತ್ತಿ ಹಾಗೇ ಉಳಿಯುತ್ತೆ. ಅರ್ಜಿಯ ಒಂದು ಪ್ರತಿ ರಸ್ತೆಯ ಒಡೆಯ ಇಲಾಖೆಗೆ, ಒಂದು ಪೊಲೀಸರಿಗೆ, ಒಂದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಮೂರು ಕಡೆಯೂ ಸ್ವೀಕೃತಿಯ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಬರಬೇಡಿ.

ಮೇಷ್ಟ್ರು: ಅರ್ಜಿ ಕೊಟ್ಟರೆ ಕಪಾಟು ಸೇರುತ್ತೆ, ಅಷ್ಟೇ ಅಲ್ವೇ ಸಾರ್?

ಎಂಜಿನಿಯರು: ಸೇರಲಿ. 198ಎ ಕಲಂ ಓದಿ ನೋಡಿ. ರಸ್ತೆ ಹೀಗಿರುವುದು ಅಪಾಯ ಅಂತ ಪ್ರಾಧಿಕಾರಕ್ಕೆ ಗೊತ್ತಿತ್ತೇ, ಗೊತ್ತಿರಬೇಕಾಗಿತ್ತೇ ಅನ್ನುವುದನ್ನು ನ್ಯಾಯಾಲಯ ಗಮನಿಸಬೇಕು ಅಂತ ಅದರಲ್ಲೇ ಇದೆ. ಅಪಘಾತ ಆದ ಮೇಲೆ ಎಲ್ಲರೂ ಹೇಳುವ ಮಾತು ಒಂದೇ, ‘ನಮ್ಮ ಗಮನಕ್ಕೆ ಬಂದಿರಲಿಲ್ಲ’. ಕಪಾಟಿನಲ್ಲಿ ಕೂತ ನಿಮ್ಮ ಅರ್ಜಿ ಆ ಮಾತನ್ನು ಕಿತ್ತುಹಾಕುತ್ತೆ. ಮೊಹರು ಬಿದ್ದ ದಿನದಿಂದ ಈ ಹಂಪ್ ಅವರ ಗಮನದಲ್ಲಿರುವ ಹಂಪ್.

ಮೇಷ್ಟ್ರು: ಅಂದರೆ ಅರ್ಜಿ ಕೊಡಬೇಕಾದದ್ದು ಯಾರಾದರೂ ಬಿದ್ದ ಮೇಲಲ್ಲ.

ಎಂಜಿನಿಯರು: ಬೀಳುವ ಮುಂಚೆ. ಊರೂರಿನಲ್ಲೂ ಇಂಥದ್ದೊಂದು ಇದ್ದೇ ಇದೆ. ಟೇಪು ಹಿಡಿದು ಉದ್ದ ಅಳೆಯಲಿ, ಎತ್ತರ ಅಳೆಯಲಿ, ಒಂದು ಹಾಳೆಯಲ್ಲಿ ಬರೆದು, ಫೋಟೋ ಅಂಟಿಸಿ, ಮೊಹರು ಹಾಕಿಸಿಕೊಂಡು ಬರಲಿ. ಅಳತೆ ಬರೆದ ಒಂದು ಹಾಳೆ ಕಡತ ಸೇರುವ ತನಕ ಈ ದೇಶದಲ್ಲಿ ಯಾವ ಕೆಟ್ಟ ಹಂಪಿಗೂ ವಾರಸುದಾರ ಸಿಗುವುದಿಲ್ಲ.